ಪೈಲಟ್ ಲೈಟ್ ನಮಗೆ ಸಾಕು: ನಾಲ್ಕು ಡಿಆರ್ ವಿಧಾನಗಳನ್ನು ಬಳಸಿ ನೋಡಿದ ಮೇಲೆ

ಡಿಆರ್ ಅಂದರೆ ಡಿಸಾಸ್ಟರ್ ರಿಕವರಿ, ಸರ್ವರ್ ಕೈಕೊಟ್ಟಾಗ ಕೆಲಸವನ್ನು ಮತ್ತೆ ಎಬ್ಬಿಸುವ ಏರ್ಪಾಡು. ನಾವು ನೋಡಿದ್ದು ಬ್ಯಾಕಪ್, ಪೈಲಟ್ ಲೈಟ್, ವಾರ್ಮ್ ಸ್ಟ್ಯಾಂಡ್‌ಬೈ, ಆ್ಯಕ್ಟಿವ್-ಆ್ಯಕ್ಟಿವ್ ಎಂಬ ನಾಲ್ಕು ದಾರಿ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಇನ್ನೊಂದು ಕಡೆ ಡೇಟಾಬೇಸಿನ ಪ್ರತಿ ಒಂದನ್ನಷ್ಟೇ ಸದಾ ಓಡಿಸುವ ಪೈಲಟ್ ಲೈಟ್‌ಗೆ. ಬ್ಯಾಕಪ್ ಒಂದನ್ನೇ ನಂಬಿ ಒಂದು ರಾತ್ರಿ ಪೂರ್ತಿ ಒದ್ದಾಡಿದ ಮೇಲೆ ಹುಟ್ಟಿದ ಅಭಿಪ್ರಾಯ ಇದು.

ನಾವು ಹುಬ್ಬಳ್ಳಿಯಲ್ಲಿ ಐದು ಜನ. ಔಷಧಿ ಹೋಲ್‌ಸೇಲ್ ವ್ಯಾಪಾರಿಗಳಿಗೆ ಮೆಡಿಕಲ್ ಶಾಪ್‌ಗಳಿಂದ ಆರ್ಡರ್ ತಲುಪಿಸುವ ಸಾಫ್ಟ್‌ವೇರ್ ನಡೆಸುತ್ತೇವೆ. ಸಂಜೆ 7ರಿಂದ 10ರವರೆಗೆ ಜೋರು ಹೊತ್ತು. ಶಾಪಿನವರು ಬಾಗಿಲು ಹಾಕುವ ಮೊದಲು ನಾಳೆಯ ಮಾಲು ಬರೆಸುತ್ತಾರೆ. 400 ಜಿಬಿಯ ಒಂದು ಪೋಸ್ಟ್‌ಗ್ರೆಸ್ ಡೇಟಾಬೇಸ್, ಎರಡು ಆ್ಯಪ್ ಸರ್ವರ್, ಎಲ್ಲವೂ ಬಾಡಿಗೆ ಕ್ಲೌಡ್‌ನ ಮುಂಬೈ ರೀಜನ್‌ನಲ್ಲಿ, ಅಂದರೆ ಅವರ ಮುಂಬೈ ಡೇಟಾ ಸೆಂಟರ್‌ಗಳಲ್ಲಿ. ತಿಂಗಳ ಬಿಲ್ಲು ಸುಮಾರು 90,000 ರೂಪಾಯಿ.

ಎಲ್ಲರ ಹಾಗೆ ನಾವೂ ಅಗ್ಗದ ದಾರಿಯಿಂದಲೇ ಶುರು ಮಾಡಿದ್ದು. ದಿನಾ ರಾತ್ರಿ 2 ಗಂಟೆಗೆ ಡಿಸ್ಕ್‌ನ ಸ್ನ್ಯಾಪ್‌ಶಾಟ್, ಅಂದರೆ ಆ ಕ್ಷಣದ ನಕಲು, ಅದರ ಒಂದು ಪ್ರತಿ ಇನ್ನೊಂದು ರೀಜನ್‌ಗೆ. ಖರ್ಚು ತಿಂಗಳಿಗೆ 3,000 ರೂಪಾಯಿಗೂ ಕಡಿಮೆ. ಎರಡು ವರ್ಷ ಏನೂ ಆಗಲಿಲ್ಲ. ಆಮೇಲೆ ಒಂದು ಗುರುವಾರ ಸಂಜೆ 6:40ಕ್ಕೆ ಡೇಟಾಬೇಸ್ ಡಿಸ್ಕ್ ಉತ್ತರ ಕೊಡುವುದನ್ನೇ ನಿಲ್ಲಿಸಿತು. ಯಾವಾಗ ಸರಿಹೋಗುತ್ತದೆ ಎಂದು ಕ್ಲೌಡ್‌ನವರೂ ಹೇಳಲಿಲ್ಲ. 7:10ಕ್ಕೆ, ಎರಡನೆಯ ರೀಜನ್‌ನಲ್ಲಿ ಸ್ನ್ಯಾಪ್‌ಶಾಟ್‌ನಿಂದ ಎಬ್ಬಿಸೋಣ ಎಂದು ತೀರ್ಮಾನಿಸಿದೆವು.

35 ನಿಮಿಷದಲ್ಲಿ ಮಷಿನ್ ಎದ್ದಿತು, ಪೋಸ್ಟ್‌ಗ್ರೆಸ್ ಶುರುವಾಯಿತು, ಲಾಗಿನ್ ಪೇಜ್ ಬಂತು. ಗೆದ್ದೆವು ಅಂದುಕೊಂಡು ಶಾಪಿನವರಿಗೆ ಮೆಸೇಜ್ ಕಳಿಸಿದೆವು. ಐದೇ ನಿಮಿಷದಲ್ಲಿ ಮತ್ತೆ ಎಲ್ಲಾ ನಿಂತುಹೋಯಿತು. ಯಾವಾಗಲೂ 20 ಮಿಲಿಸೆಕೆಂಡ್‌ನಲ್ಲಿ ಮುಗಿಯುವ ಕ್ವೆರಿಗೆ 40 ಸೆಕೆಂಡ್ ಹಿಡಿಯುತ್ತಿತ್ತು. ಸಿಪಿಯು ನೋಡಿದರೆ ಖಾಲಿ, ಮೆಮೊರಿಯೂ ಖಾಲಿ. ಸೆಟ್ಟಿಂಗ್ ಏನೋ ತಪ್ಪಿದೆ ಎಂದು ಒಂದು ಗಂಟೆ ಸುಮ್ನೆ ಹುಡುಕಿದೆವು. ಕೊನೆಗೆ ಇದನ್ನು ಓಡಿಸಿದಾಗ ಕಾರಣ ಗೊತ್ತಾಯಿತು:

```sql
SELECT wait_event, count(*)
FROM pg_stat_activity
WHERE state = 'active'
GROUP BY wait_event;
```

ಹೆಚ್ಚು ಕಡಿಮೆ ಎಲ್ಲಾ ಸಾಲೂ `DataFileRead`. ಅಂದರೆ ಎಲ್ಲರೂ ಡಿಸ್ಕ್‌ನಿಂದ ಓದಲು ಕಾಯುತ್ತಾ ಕೂತಿದ್ದಾರೆ.

ಆಗಿದ್ದು ಇಷ್ಟು. ಸ್ನ್ಯಾಪ್‌ಶಾಟ್‌ನಿಂದ ಹೊಸ ಡಿಸ್ಕ್ ಮಾಡಿದಾಗ ಅದು ತಕ್ಷಣ ತಯಾರಾದ ಹಾಗೆ ಕಾಣುತ್ತದೆ, ಆದರೆ ಒಳಗೆ ಡೇಟಾ ಇನ್ನೂ ಬಂದಿರುವುದಿಲ್ಲ. ಸ್ನ್ಯಾಪ್‌ಶಾಟ್ ಕೂತಿರುವುದು ದೂರದ ಆಬ್ಜೆಕ್ಟ್ ಸ್ಟೋರೇಜ್‌ನಲ್ಲಿ. ಒಂದು ಬ್ಲಾಕನ್ನು ಮೊದಲ ಸಲ ಯಾರಾದರೂ ಕೇಳಿದಾಗಲೇ ಅದನ್ನು ಅಲ್ಲಿಂದ ಎಳೆದು ತರುತ್ತದೆ. ಎರಡನೆಯ ಸಲ ಕೇಳಿದರೆ ವೇಗವಾಗಿ ಸಿಗುತ್ತದೆ. ಲಾಗಿನ್ ಪೇಜ್‌ಗೆ ಬೇಕಾದ್ದು ನಾಲ್ಕು ಬ್ಲಾಕ್, ಅದು ಬಂತು. ನೂರಾರು ಶಾಪ್‌ಗಳು ಒಟ್ಟಿಗೆ ಹಳೆಯ ಬಾಕಿ, ಸ್ಟಾಕ್, ದರಪಟ್ಟಿ ಕೇಳಿದಾಗ ಪ್ರತಿಯೊಂದು ಬ್ಲಾಕೂ ಮೊದಲ ಸಲದ್ದೇ.

ಇದಕ್ಕೆ ಇರುವ ಉಪಾಯ, ಜನರನ್ನು ಒಳಗೆ ಬಿಡುವ ಮೊದಲು ನಾವೇ ಎಲ್ಲವನ್ನೂ ಒಮ್ಮೆ ಓದಿಬಿಡುವುದು. ಪೋಸ್ಟ್‌ಗ್ರೆಸ್‌ನಲ್ಲಿ ಹೀಗೆ:

```sql
CREATE EXTENSION IF NOT EXISTS pg_prewarm;
SELECT pg_prewarm('orders', 'read');
SELECT pg_prewarm('orders_pkey', 'read');
```

ಟೇಬಲ್ ಓದಿದರೆ ಅದರ ಇಂಡೆಕ್ಸ್ ತಾನಾಗಿ ಬರುವುದಿಲ್ಲ, ಅದನ್ನು ಬೇರೆಯಾಗಿಯೇ ಓದಿಸಬೇಕು. ನಾವು ಇದನ್ನು ಮರೆತು ಇನ್ನೂ ಅರ್ಧ ಗಂಟೆ ಕಳೆದೆವು. ಆ್ಯಪ್ ಬಾಗಿಲು ಮುಚ್ಚಿ, ದೊಡ್ಡ ಆರು ಟೇಬಲ್‌ಗಳನ್ನೂ ಅವುಗಳ ಇಂಡೆಕ್ಸ್‌ಗಳನ್ನೂ ಓದಿಸಿ ಮುಗಿಸುವಾಗ ರಾತ್ರಿ 1:30. ಅಷ್ಟರಲ್ಲಿ ಶಿರಸಿಯ ಮೆಡಿಕಲ್ ಶಾಪಿನವರೊಬ್ಬರು ನಾಲ್ಕನೇ ಸಲ ಫೋನ್ ಮಾಡಿದ್ದರು. "ಸರ್, ಇನ್ಸುಲಿನ್ ಆರ್ಡರ್ ಹೋಗಿದೆಯೋ ಇಲ್ಲವೋ ಅಷ್ಟು ಹೇಳಿ ಸಾಕು." ಹೇಳಲು ನನ್ನ ಹತ್ತಿರ ಉತ್ತರ ಇರಲಿಲ್ಲ. ಎಬ್ಬಿಸಿದ್ದು ಬೆಳಗಿನ ಜಾವ 2 ಗಂಟೆಯ ಪ್ರತಿ. ಅವರು ಮಧ್ಯಾಹ್ನ ಹಾಕಿದ ಆರ್ಡರ್ ಅದರಲ್ಲಿ ಇಲ್ಲವೇ ಇಲ್ಲ. ನಡುವಿನ ಪ್ರತಿ ಬದಲಾವಣೆಯನ್ನೂ ಬರೆದಿಡುವ ಲಾಗ್ ಫೈಲ್‌ಗಳು, ಅಂದರೆ ವಾಲ್, ಮುಂಬೈಯಲ್ಲೇ ಉಳಿದಿದ್ದವು. ಮಾರನೇ ದಿನ ಹಳೆಯ ಡಿಸ್ಕ್ ಮರಳಿ ಬಂದ ಮೇಲೆ ಆ 16 ಗಂಟೆಗಳ ಆರ್ಡರ್‌ಗಳನ್ನು ಕೈಯಿಂದ ಹೊಂದಿಸಲು ನಮಗೆ ಮೂರು ದಿನ ಬೇಕಾಯಿತು.

ಪ್ರೋಗ್ರಾಮರ್‌ಗಳ ಕೋಡ್ ಇಟ್ಟುಕೊಡುವ ಗಿಟ್‌ಲ್ಯಾಬ್‌ನವರಿಗೆ 2017ರ ಜನವರಿ 31ರಂದು ಆದದ್ದೂ ಇದೇ ಬಗೆಯದು. ಸರಿಯಾದ ಬ್ಯಾಕಪ್ ಇದೆ ಅಂದುಕೊಂಡಿದ್ದ ಬಕೆಟ್ ಖಾಲಿ ಇತ್ತು, ಏಕೆಂದರೆ ಬ್ಯಾಕಪ್ ತೆಗೆಯುವ `pg_dump` ಹಳೆಯ ಆವೃತ್ತಿಯದಾಗಿ ಪ್ರತಿ ಸಲ ಸೋಲುತ್ತಿತ್ತು. ಅದೃಷ್ಟಕ್ಕೆ ಆರು ಗಂಟೆ ಹಿಂದಿನ ಒಂದು ಸ್ನ್ಯಾಪ್‌ಶಾಟ್ ಸಿಕ್ಕಿತು. ಅದನ್ನು ಡಿಸ್ಕ್‌ನಿಂದ ಡಿಸ್ಕ್‌ಗೆ ನಕಲು ಮಾಡುವುದರಲ್ಲೇ ಬಹಳ ಗಂಟೆಗಳು ಹೋದವು. ಅವರು ಏನಾಯಿತೆಂದು ಬಿಚ್ಚಿ ಬರೆದಿದ್ದನ್ನು ನಾನು ಮೊದಲೇ ಓದಿದ್ದೆ, ಆದರೆ ನಮ್ಮ ಮನೆಗೆ ಬಂದಾಗಲೇ ಅರ್ಥವಾಗಿದ್ದು.

ಇಲ್ಲಿ ಎರಡು ಲೆಕ್ಕ ಬೇರೆಬೇರೆ ಇಟ್ಟುಕೊಳ್ಳಬೇಕು. ಎಷ್ಟು ಹೊತ್ತಿನ ಡೇಟಾ ಹೋದರೆ ತಡೆದುಕೊಳ್ಳಬಹುದು ಎನ್ನುವುದು ಆರ್‌ಪಿಒ. ಎಷ್ಟು ಹೊತ್ತು ಅಂಗಡಿ ಮುಚ್ಚಿರಬಹುದು ಎನ್ನುವುದು ಆರ್‌ಟಿಒ. ನಮ್ಮ ಗ್ರಾಹಕರನ್ನು ಕೇಳಿದಾಗ ಎಲ್ಲರೂ ಹೆಚ್ಚು ಕಡಿಮೆ ಒಂದೇ ಮಾತು ಹೇಳಿದರು. ಅರ್ಧ ಗಂಟೆ, ಮುಕ್ಕಾಲು ಗಂಟೆ ನಿಂತರೆ ನಡೆಯುತ್ತದೆ, ಹಾಕಿದ ಆರ್ಡರ್ ಕಳೆಯಬಾರದು. ಪೈಲಟ್ ಲೈಟ್ ಕೊಡುವುದು ಹೆಚ್ಚು ಕಡಿಮೆ ಇದನ್ನೇ, ಕೊನೆಯ ಕೆಲವು ಸೆಕೆಂಡಿನ ಆರ್ಡರ್ ಮಾತ್ರ ಹೋಗಬಹುದು.

ಗ್ಯಾಸ್ ಬಾಯ್ಲರ್‌ನಲ್ಲಿ ಸದಾ ಉರಿಯುತ್ತಿರುವ ಸಣ್ಣ ಜ್ವಾಲೆ ಇರುತ್ತದಲ್ಲ, ಹೆಸರು ಅಲ್ಲಿಂದ ಬಂದಿದ್ದು. ಎರಡನೆಯ ರೀಜನ್‌ನಲ್ಲಿ ಡೇಟಾಬೇಸ್‌ನ ರೆಪ್ಲಿಕಾ, ಅಂದರೆ ಮೂಲದಲ್ಲಿ ಆದ ಬದಲಾವಣೆಯನ್ನು ಆಗಿಂದಾಗ್ಗೆ ಪಡೆಯುವ ಪ್ರತಿ, ಅದೊಂದೇ ಓಡುತ್ತಿರುತ್ತದೆ. ಆ್ಯಪ್ ಸರ್ವರ್‌ಗಳು ಇಮೇಜ್ ರೂಪದಲ್ಲಿ ತಯಾರಿರುತ್ತವೆ, ಆದರೆ ಆಫ್. ರೆಪ್ಲಿಕಾಗೆ ಚಿಕ್ಕ ಮಷಿನ್ ಸಾಕು, ಡಿಸ್ಕ್ ಮಾತ್ರ ಪೂರ್ತಿ ಅಳತೆಯದೇ ಬೇಕು. ರೀಜನ್ ದಾಟುವ ಡೇಟಾದ ಬಾಡಿಗೆ ಸೇರಿ ನಮಗೆ ತಿಂಗಳಿಗೆ 14,000 ರೂಪಾಯಿ. ಆ ಬ್ಲಾಕ್ ಎಳೆಯುವ ಕಾಟ ರೆಪ್ಲಿಕಾ ಹುಟ್ಟುವಾಗಲೂ ಇರುತ್ತದೆ. ಆದರೆ ಆಗ ಯಾರೂ ಕಾಯುತ್ತಿರುವುದಿಲ್ಲ, ಪುರುಸೊತ್ತಿನಲ್ಲಿ ಓದಿಸಿ ಮುಗಿಸಬಹುದು.

ರೆಪ್ಲಿಕಾ ಎಷ್ಟು ಹಿಂದಿದೆ ಎಂದು ಅದರ ಮೇಲೆಯೇ ಕೇಳಬಹುದು:

```sql
SELECT now() - pg_last_xact_replay_timestamp();
```

ನಮಗೆ ಸಂಜೆ ಹೊತ್ತಲ್ಲಿ 1ರಿಂದ 3 ಸೆಕೆಂಡ್ ತೋರಿಸುತ್ತದೆ. ನಡುರಾತ್ರಿ ಇದೇ ಸಂಖ್ಯೆ ನಿಮಿಷಗಟ್ಟಲೆ ಏರುತ್ತದೆ. ಹೆದರಬೇಡಿ, ಬರೆಯುವವರು ಯಾರೂ ಇಲ್ಲದಾಗ ಕೊನೆಯ ಬರಹ ಹಳೆಯದಾಗುತ್ತದೆ, ಅಷ್ಟೇ. ನಾವು ಪ್ರೈಮರಿಯಲ್ಲಿ, ಅಂದರೆ ಮುಂಬೈಯ ಮೂಲ ಡೇಟಾಬೇಸಿನಲ್ಲಿ, ನಿಮಿಷಕ್ಕೊಮ್ಮೆ ಒಂದು ಸಾಲು ಬರೆಯುವ ಹಾಗೆ ಮಾಡಿ ಈ ಸುಳ್ಳು ಅಲಾರಂ ನಿಲ್ಲಿಸಿದೆವು.

ಇನ್ನೊಂದು ಮಾತು, ರೆಪ್ಲಿಕಾ ಬಂತೆಂದು ಬ್ಯಾಕಪ್ ನಿಲ್ಲಿಸಬೇಡಿ. ತಪ್ಪಾಗಿ ಓಡಿಸಿದ ಒಂದು `DELETE` ಆ ಎರಡು ಸೆಕೆಂಡ್‌ನಲ್ಲೇ ಅಲ್ಲಿಗೂ ತಲುಪುತ್ತದೆ. ನಾವು ಸ್ನ್ಯಾಪ್‌ಶಾಟ್ ಮುಂದುವರಿಸಿದ್ದೇವೆ, ವಾಲ್ ಫೈಲ್‌ಗಳನ್ನೂ ಈಗ ಎರಡನೆಯ ರೀಜನ್‌ಗೆ ಕಳಿಸುತ್ತೇವೆ.

ಪೈಲಟ್ ಲೈಟ್‌ನಲ್ಲಿ ನಮ್ಮನ್ನು ಕಾಡಿದ್ದು ಡೇಟಾಬೇಸ್ ಅಲ್ಲ, ಐಪಿ ವಿಳಾಸ. ಮೊದಲ ಅಣಕು ಅಭ್ಯಾಸದಲ್ಲಿ ಎಲ್ಲವೂ ಎದ್ದಿತು, ಹಣ ಪಾವತಿ ಮಾತ್ರ ಆಗಲಿಲ್ಲ. ಪಾವತಿ ಸೇವೆಯವರು ನಮ್ಮ ಮುಂಬೈ ಐಪಿಯನ್ನಷ್ಟೇ ಒಳಗೆ ಬಿಡುತ್ತಿದ್ದರು. ಹೊಸ ಐಪಿ ಸೇರಿಸಲು ಪತ್ರ, ಸಹಿ, ಎಂಟು ದಿನ. ಅದಕ್ಕೇ ಎರಡನೆಯ ರೀಜನ್‌ನಲ್ಲೂ ಒಂದು ಸ್ಥಿರ ಐಪಿ ಈಗಲೇ ತೆಗೆದುಕೊಂಡು, ಸುಮ್ನೆ ಬಾಡಿಗೆ ಕಟ್ಟಿ ಇಟ್ಟುಕೊಂಡಿದ್ದೇವೆ. ಹೊಸ ರೀಜನ್‌ನಲ್ಲಿ ಎಷ್ಟು ಮಷಿನ್ ಏಳಿಸಬಹುದು ಎನ್ನುವ ಮಿತಿಯನ್ನೂ ಮೊದಲೇ ಕೇಳಿ ಏರಿಸಿಕೊಳ್ಳಿ.

ವಾರ್ಮ್ ಸ್ಟ್ಯಾಂಡ್‌ಬೈ ಮೂರು ತಿಂಗಳು ಇಟ್ಟಿದ್ದೆವು. ಪೈಲಟ್ ಲೈಟ್‌ಗೂ ಇದಕ್ಕೂ ವ್ಯತ್ಯಾಸ ಒಂದೇ. ಇಲ್ಲಿ ಆ್ಯಪ್ ಸರ್ವರ್ ಕೂಡ ಚಿಕ್ಕದಾಗಿ ಓಡುತ್ತಲೇ ಇರುತ್ತದೆ, ಜನರನ್ನು ಈ ಕಡೆ ತಿರುಗಿಸಿದ ಕ್ಷಣದಿಂದ ನಿಧಾನವಾಗಿಯಾದರೂ ಕೆಲಸ ನಡೆಯುತ್ತದೆ. ನಿಜಕ್ಕೂ ಚೆನ್ನಾಗಿದೆ. ಅಭ್ಯಾಸದಲ್ಲಿ 6 ನಿಮಿಷಕ್ಕೆ ಮುಗಿಯಿತು. ಆದರೆ ತಿಂಗಳಿಗೆ 38,000 ರೂಪಾಯಿ. ಪೈಲಟ್ ಲೈಟ್‌ನ 31 ನಿಮಿಷಕ್ಕೆ ಹೋಲಿಸಿದರೆ ಉಳಿಯುವ 25 ನಿಮಿಷಕ್ಕೆ ವರ್ಷಕ್ಕೆ 2,88,000 ಜಾಸ್ತಿ ಕೊಡುವಷ್ಟು ನಮ್ಮ ವ್ಯಾಪಾರ ಇಲ್ಲ. ಆಸ್ಪತ್ರೆಯ ಸಾಫ್ಟ್‌ವೇರ್ ನಡೆಸುತ್ತಿದ್ದರೆ ಕಣ್ಣು ಮುಚ್ಚಿ ಇದನ್ನೇ ಆರಿಸುತ್ತಿದ್ದೆ.

ಆ್ಯಕ್ಟಿವ್-ಆ್ಯಕ್ಟಿವ್ ಅನ್ನು ಪರೀಕ್ಷೆಗಷ್ಟೇ ಎರಡು ವಾರ ಓಡಿಸಿದೆವು. ಎರಡೂ ಕಡೆ ಕೆಲಸ ನಡೆಯುತ್ತದೆ, ಹೊರೆ ಅರ್ಧರ್ಧ ಆಗುವುದರಿಂದ ಮಷಿನ್ ಚಿಕ್ಕದು ಸಾಕು ಎಂದು ನಾನೂ ನಂಬಿದ್ದೆ. ಹಾಗಲ್ಲ. ಒಂದು ಕಡೆ ಬಿದ್ದಾಗ ಇನ್ನೊಂದು ಪೂರ್ತಿ ಹೊರಬೇಕು, ಹಾಗಾಗಿ ಎರಡೂ ಕಡೆ ಪೂರ್ತಿ ಅಳತೆ. ನಮ್ಮ ಅಂದಾಜಿಗೆ ತಿಂಗಳಿಗೆ ಇನ್ನೂ 1,10,000 ರೂಪಾಯಿ. ಅದಕ್ಕಿಂತ ಕಷ್ಟ ಸ್ಟಾಕಿನದು. ಒಂದು ಮದ್ದಿನ ಕೊನೆಯ 10 ಬಾಕ್ಸ್ ಉಳಿದಿವೆ ಅಂದುಕೊಳ್ಳಿ. ಧಾರವಾಡದವರು ಒಂದು ರೀಜನ್‌ನಲ್ಲಿ, ಗದಗದವರು ಇನ್ನೊಂದರಲ್ಲಿ, ಒಂದೇ ಸೆಕೆಂಡ್‌ನಲ್ಲಿ ಹತ್ತೂ ಬರೆಸಿದರೆ ಇಬ್ಬರಿಗೂ ಸಿಕ್ಕಿತು ಅನ್ನುತ್ತದೆ. ಇದನ್ನು ತಪ್ಪಿಸಲು ಪ್ರತಿ ಬರಹವೂ ಎರಡೂ ಕಡೆ ಒಪ್ಪಿಗೆ ಪಡೆಯುವವರೆಗೆ ಕಾಯಬೇಕು, ಆಗ ದಿನಾ ಎಲ್ಲರಿಗೂ ನಿಧಾನ. ಇಡೀ ಕೋಡ್ ಇದಕ್ಕಾಗಿ ಬದಲಾಗಬೇಕು, ಐದು ಜನರಿಂದ ಆಗದ ಕೆಲಸ.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಅಭ್ಯಾಸ ಮಾಡುತ್ತೇವೆ. ಮೊದಲು ಮುಂಬೈ ಬಾಗಿಲು ಮುಚ್ಚುತ್ತೇವೆ. ಇಲ್ಲದಿದ್ದರೆ ಹಳೆಯ ಪ್ರೈಮರಿ ಎದ್ದು ಕೂತು ತಾನೂ ಆರ್ಡರ್ ತೆಗೆದುಕೊಳ್ಳಲು ಶುರು ಮಾಡುತ್ತದೆ, ಆಮೇಲೆ ಎರಡು ಸತ್ಯ. ನಂತರ ರೆಪ್ಲಿಕಾ ನಿಲ್ಲಿಸಿ ದೊಡ್ಡ ಮಷಿನ್‌ಗೆ ಏರಿಸುವುದು, ಅದನ್ನೇ ಪ್ರೈಮರಿ ಮಾಡುವ `SELECT pg_promote();`, ಆ್ಯಪ್ ಸರ್ವರ್ ಆನ್, ಡಿಎನ್‌ಎಸ್ ಬದಲು. ಹೋದ ಸಲ 31 ನಿಮಿಷ ಆಯಿತು. ಅದರಲ್ಲಿ 12 ನಿಮಿಷ ಮಷಿನ್ ದೊಡ್ಡದು ಮಾಡುವುದಕ್ಕೇ ಹೋಗಿದೆ. ಸಂಜೆಯ ಮೂರು ಗಂಟೆ ಮಾತ್ರ ರೆಪ್ಲಿಕಾವನ್ನು ದೊಡ್ಡ ಮಷಿನ್‌ನಲ್ಲಿ ಇಟ್ಟರೆ ಎಷ್ಟು ಖರ್ಚು ಬೀಳುತ್ತದೆ ಎಂದು ಈ ತಿಂಗಳು ಲೆಕ್ಕ ಹಾಕುತ್ತಿದ್ದೇವೆ.