ಮೂರು ಪ್ಯಾನಲ್, ಆರು ಪ್ಯಾನಲ್, ನಾಲ್ಕು ಪ್ಯಾನಲ್: ನಮ್ಮ ಸೋಲಾರ್ ಏಸಿಗೆ ಸರಿಹೋದದ್ದು ಯಾವುದು

ಮೊದಲೇ ಹೇಳಿಬಿಡುತ್ತೇನೆ, ಈಗ ನಮ್ಮ ತಾರಸಿಯ ಮೇಲಿರುವುದು 540 ವ್ಯಾಟ್‌ನ ನಾಲ್ಕು ಪ್ಯಾನಲ್. ನನಗೆ ಇದೇ ಇಷ್ಟ. ಆದರೆ ಇಲ್ಲಿಗೆ ಬರುವ ಹೊತ್ತಿಗೆ ಒಂದು ಬೇಸಿಗೆ ಪೂರ್ತಿ ಕಳೆದುಹೋಯಿತು.

ಮನೆ ತೀರ್ಥಹಳ್ಳಿ ಹತ್ತಿರ, ಪಡುವಣಕ್ಕೆ ಅಡಿಕೆ ತೋಟ. ಹಳೇ ಮನೆಗೆ ಹೆಂಚು, ಅಮ್ಮ ಮಲಗುವ ಕೋಣೆಗೆ ಮಾತ್ರ ಆರ್‌ಸಿಸಿ. ಮಾರ್ಚ್‌ನಿಂದ ಮಳೆ ಹಿಡಿಯುವವರೆಗೆ ಮಧ್ಯಾಹ್ನ ಆ ಕೋಣೆಯಲ್ಲಿ ಕೂರುವ ಹಾಗಿಲ್ಲ. ಏಸಿಯನ್ನು ಬರೀ ಕರೆಂಟಿಗೆ ಹಾಕಿದರೆ ತಿಂಗಳಿಗೆ 200 ಯೂನಿಟ್ ದಾಟುತ್ತದೆ, ದಾಟಿದರೆ ಗೃಹಜ್ಯೋತಿ ಹೋಗಿ ಪೂರ್ತಿ ಬಿಲ್ ಕಟ್ಟಬೇಕು. ಅದಕ್ಕೇ ಒಂದೂವರೆ ಟನ್ನಿನ ಹೈಬ್ರಿಡ್ ತಂದೆ. ಪ್ಯಾನಲ್‌ನಿಂದ ಬರುವ ಡಿಸಿ ನೇರ ಯಂತ್ರಕ್ಕೇ ಹೋಗುತ್ತದೆ, ಕಡಿಮೆ ಬಿದ್ದಷ್ಟನ್ನು ಮಾತ್ರ ಲೈನಿಂದ ಎಳೆದುಕೊಳ್ಳುತ್ತದೆ. ಬ್ಯಾಟರಿ ಇಲ್ಲ. ಮಿಕ್ಕ ಬಿಸಿಲನ್ನು ಹೊರಗೆ ಕೊಡುವುದೂ ಇಲ್ಲ.

ಅಂಗಡಿಯವರು ಮೂರು ಪ್ಯಾನಲ್ ಸಾಕೆಂದರು. 540 ಮೂರಲಿ 1620 ವ್ಯಾಟ್. ಅವರ ಲೆಕ್ಕ ತಪ್ಪೆಂದು ಈಗಲೂ ಹೇಳಲಾರೆ. ಏಸಿ ಹಾಕಿದ ಮೊದಲ ಅರ್ಧ ಗಂಟೆ 1400 ವ್ಯಾಟ್ ತಿನ್ನುತ್ತದೆ, ಕೋಣೆ ತಣಿದ ಮೇಲೆ 26 ಡಿಗ್ರಿಗೆ ಇಟ್ಟರೆ 800–900ಕ್ಕೆ ಇಳಿಯುತ್ತದೆ. ಏಪ್ರಿಲ್‌ನ ತಿಳಿ ಬಿಸಿಲಲ್ಲಿ ಮೂರೂವರೆಗೆ ಪ್ಯಾನಲ್ ತನ್ನ ಮೇಲೆ ಬರೆದದ್ದರ ಅರ್ಧಕ್ಕಿಂತ ತುಸು ಹೆಚ್ಚು ಕೊಡುತ್ತದೆ, ಅಂದರೆ 1620ಕ್ಕೆ ಸುಮಾರು 890. ವ್ಯಾಟ್ ಲೆಕ್ಕಕ್ಕೆ ಸರಿಹೋಯಿತಲ್ಲ!

ಆದರೆ ದಿನಾ ಮೂರು ಗಂಟೆ ದಾಟಿದ ಮೇಲೆ ಸೋಲಾರ್ ಪಾಲು 850ರಿಂದ ನೂರು ಚಿಲ್ಲರೆ ವ್ಯಾಟ್‌ಗೆ ಒಮ್ಮೆಲೇ ಬೀಳುತ್ತಿತ್ತು. ಲೈನಿನ ವೈರಿಗೆ ಕ್ಲ್ಯಾಂಪ್ ಮೀಟರ್ ಹಾಕಿ ನೋಡಿದೆ. ಮಧ್ಯಾಹ್ನ ಒಂದರ ಹೊತ್ತಿಗೆ ಅರ್ಧ ಆಂಪಿಯರ್ ಕೂಡ ಇರಲಿಲ್ಲ, ಮೂರು ಹತ್ತಕ್ಕೆ ನಾಲ್ಕರ ಹತ್ತಿರ. ಮೋಡವೆಂದುಕೊಂಡೆ. ಮೋಡವಾದರೆ ಹೊತ್ತುಗೊತ್ತಿಲ್ಲದೆ ಬಂದುಹೋಗಬೇಕು, ಇದು ದಿನಾ ಹೆಚ್ಚುಕಡಿಮೆ ಅದೇ ನಿಮಿಷಕ್ಕೆ. ಮೇಲೆ ಹತ್ತಿ ನೋಡಿದರೆ ಒಂದು ಅಡಿಕೆ ಮರದ ನೆರಳು ಕೊನೆಯ ಪ್ಯಾನಲ್ ಮೇಲೆ ಬಿದ್ದಿತ್ತು. ಉಳಿದೆರಡಕ್ಕೆ ಒಳ್ಳೇ ಬಿಸಿಲು.

ಒಂದಕ್ಕೆ ನೆರಳು ಬಿದ್ದರೆ ಮೂರನೇ ಒಂದು ಪಾಲು ಹೋಗಬೇಕು, ಎಲ್ಲವೂ ಯಾಕೆ ಹೋಗಬೇಕು? ಉತ್ತರ ಇದ್ದದ್ದು ವ್ಯಾಟ್‌ನಲ್ಲಲ್ಲ, ವೋಲ್ಟ್‌ನಲ್ಲಿ. ಈ ಪ್ಯಾನಲ್ ಕೆಲಸ ಮಾಡುವಾಗಿನ ವೋಲ್ಟೇಜ್ 41 ಎಂದು ಲೇಬಲ್ ಮೇಲಿದೆ, ಆದರೆ ಅದು 25 ಡಿಗ್ರಿಯ ಲೆಕ್ಕ. ಏಪ್ರಿಲ್ ಮಧ್ಯಾಹ್ನ ಪ್ಯಾನಲ್ 65 ಡಿಗ್ರಿಗೆ ಕಾದಾಗ ಉಳಿಯುವುದು 35ರ ಆಸುಪಾಸು. ಮೂರನ್ನು ಸೀರೀಸ್‌ನಲ್ಲಿ ಜೋಡಿಸಿದರೆ 105 ವೋಲ್ಟ್. ನನ್ನ ಯಂತ್ರಕ್ಕೆ ಬೇಕಾದ ಡಿಸಿ 90ರಿಂದ 380 ವೋಲ್ಟ್. ನೆರಳು ಬಿದ್ದ ಪ್ಯಾನಲ್ಲನ್ನು ಬೈಪಾಸ್ ಡಯೋಡ್ ಬದಿಗಿಟ್ಟು ಉಳಿದೆರಡರ ಕರೆಂಟು ದಾಟಿಸಬೇಕೆಂದರೆ ಯಂತ್ರ 70 ವೋಲ್ಟ್‌ಗೆ ಇಳಿಯಬೇಕು. ಅದು ಇಳಿಯದು. 90ರ ಮೇಲೇ ನಿಲ್ಲಬೇಕಾದ್ದರಿಂದ ನೆರಳಿನ ಪ್ಯಾನಲ್ ಕೊಡುವ ಆ ಚೂರು ಕರೆಂಟೇ ಮೂರಕ್ಕೂ ಮಿತಿಯಾಗುತ್ತದೆ. ಬಿಸಿಲಲ್ಲಿರುವ ಎರಡೂ ಸುಮ್ಮನೆ ಕೂತಿರುತ್ತವೆ.

ಇದನ್ನು ಖಚಿತ ಮಾಡಿಕೊಂಡದ್ದು ಗೋಣಿಚೀಲದಿಂದ. ನೆರಳೇ ಇಲ್ಲದ ಹನ್ನೆರಡೂವರೆಗೆ ಒಂದು ಪ್ಯಾನಲ್ ಮೇಲೆ ಚೀಲ ಹೊದಿಸಿ, ಸೋಲಾರ್ ಪಾಲು ಎಷ್ಟು ಇಳಿಯುತ್ತದೆಂದು ನೋಡಿ. ಒಂದು ಪ್ಯಾನಲ್‌ನಷ್ಟೇ ಇಳಿದರೆ ಭಯವಿಲ್ಲ. ಪೂರ್ತಿ ನೆಲ ಕಚ್ಚಿದರೆ ವೋಲ್ಟೇಜ್ ಅಂಚಿನಲ್ಲಿದೆ ಎಂದರ್ಥ. ನಮ್ಮದು ನೆಲ ಕಚ್ಚಿತು.

ಮರ ಕಡಿಯುವ ಮಾತಿಲ್ಲ, ಫಸಲು ಕೊಡುವ ಮರ.

ಅಂಗಡಿಯಲ್ಲಿ ಉಳಿದಿದ್ದ ಒಂದು 330 ವ್ಯಾಟ್ ಪ್ಯಾನಲ್ಲನ್ನು ನಾಲ್ಕನೆಯದಾಗಿ ಸೇರಿಸಿ ಕೊಡುತ್ತೇವೆಂದರು. ಅಗ್ಗಕ್ಕೆ ಸಿಗುತ್ತಿತ್ತು, ಆದರೂ ಬೇಡವೆಂದೆ. ಸೀರೀಸ್‌ನಲ್ಲಿ ಎಲ್ಲದರ ಮೂಲಕ ಹರಿಯುವುದು ಒಂದೇ ಕರೆಂಟು. 540ರದು 13 ಆಂಪಿಯರ್, 330ರದು 9ರ ಹತ್ತಿರ. 9ಕ್ಕೆ ಓಡಿಸಿದರೆ ಲೇಬಲ್ ಲೆಕ್ಕದ 160 ವೋಲ್ಟಿಗೆ 1440 ವ್ಯಾಟ್, ಮೂರೇ ಇದ್ದಾಗಿನ 1620ಕ್ಕಿಂತ ಕಡಿಮೆ. ಕೂಡಿಸುವಾಗ ನೋಡಬೇಕಾದ್ದು ವ್ಯಾಟ್ ಅಲ್ಲ, ಆಂಪಿಯರ್.

ಅಷ್ಟರಲ್ಲಿ ಸಾಗರದ ಭಾವ ಫೋನ್ ಮಾಡಿದ. "ಪಂಪ್‌ಸೆಟ್ಟಿಂದ ಬಿಚ್ಚಿಟ್ಟ ಆರು ಪ್ಯಾನಲ್ ಕೊಟ್ಟಿಗೆಯಲ್ಲಿ ಬಿದ್ದಿದೆ ಮಾರಾಯ, ತಗೊಂಡು ಹೋಗಿ ನೋಡು. ಸರಿಹೋದ್ರೆ ಇಟ್ಕೋ" ಅಂದ. ಆರೂ 330 ವ್ಯಾಟ್‌ನವು. ಎರಡು ವಾರ ಅವನ್ನೇ ಹಾಕಿ ಓಡಿಸಿದೆ.

ನೆರಳಿಗೆ ಇದರಷ್ಟು ಗಟ್ಟಿ ಇನ್ನೊಂದಿಲ್ಲ. ಕಾದಾಗಲೂ 190 ವೋಲ್ಟ್ ಇರುತ್ತದೆ, ಒಂದು ಹೋದರೂ 160. ಗೋಣಿಚೀಲ ಹಾಕಿದರೆ ಆರನೇ ಒಂದು ಪಾಲಷ್ಟೇ ಇಳಿಯಿತು. ಆದರೆ ಆರಕ್ಕೂ ಸೇರಿ ಹನ್ನೆರಡು ಚದರ ಮೀಟರ್ ಜಾಗ ಬೇಕು. ನಮ್ಮ ಆರ್‌ಸಿಸಿ ಚಿಕ್ಕದು, ಸಾಲು ತೋಟದ ಕಡೆಗೆ ಚಾಚಿಕೊಂಡು ನಾಲ್ಕು ಗಂಟೆಗೆ ಮೂರು ಪ್ಯಾನಲ್ ನೆರಳಿಗೆ ಸಿಕ್ಕವು. ಅಡಿಕೆ ಒಣಗಿಸಲೂ ಜಾಗ ಉಳಿಯಲಿಲ್ಲ. ತಾರಸಿ ದೊಡ್ಡದಿದ್ದು ಹಳೇ ಪ್ಯಾನಲ್ ಪುಕ್ಕಟೆ ಸಿಗುವವರಿಗೆ ನಾನು ಇದನ್ನೇ ಹೇಳುತ್ತೇನೆ. ನನಗೆ ಆಗಲಿಲ್ಲ, ಭಾವನಿಗೆ ವಾಪಸ್ ಕಳಿಸಿದೆ.

ಕೊನೆಗೆ ಆಂಪಿಯರ್ ಹೊಂದುವ ಇನ್ನೊಂದು 540 ಹುಡುಕಿ ತಂದೆ, 14,000 ರೂಪಾಯಿ ಬಿತ್ತು. ಈಗ ಕಾದಾಗ 140 ವೋಲ್ಟ್, ಒಂದು ಪೂರ್ತಿ ನೆರಳಿಗೆ ಹೋದರೂ 105. 380ರ ಮೇಲ್ಮಿತಿಯ ಚಿಂತೆ ಇಲ್ಲ. ಚಳಿಗಾಲದ ಬೆಳಿಗ್ಗೆ ಲೋಡ್ ಇಲ್ಲದಾಗಲೂ ನಾಲ್ಕೂ ಸೇರಿ 205 ವೋಲ್ಟ್ ದಾಟುವುದಿಲ್ಲ.

ಜೊತೆಗೆ ವಾಲಿಸುವ ದಿಕ್ಕನ್ನೂ ಬದಲಿಸಿದೆ. ದಕ್ಷಿಣಕ್ಕೆ 14 ಡಿಗ್ರಿ ವಾಲಿಸುವುದು ವರ್ಷಪೂರ್ತಿ ಕರೆಂಟು ಬೇಕಾದವರಿಗೆ ಸರಿ. ಏಪ್ರಿಲ್ ಕೊನೆಯ ವಾರ ನಮ್ಮಲ್ಲಿ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ಆಮೇಲೆ ಮಳೆಗಾಲದವರೆಗೂ ನೆತ್ತಿಯಿಂದ ಬಡಗಕ್ಕೇ. ಏಸಿ ಬೇಕಾಗುವ ದಿನಗಳಲ್ಲಿ ದಕ್ಷಿಣದ ವಾಲಿಗೆ ಅರ್ಥವಿಲ್ಲ. ನಮ್ಮ ಕೋಣೆಯ ಮಾಳಿಗೆ ಕಾದು ಕೆಂಡವಾಗುವುದು ನಾಲ್ಕರ ಹೊತ್ತಿಗೆ. ಹಾಗಾಗಿ ಪಡುವಣಕ್ಕೆ ಹತ್ತು ಡಿಗ್ರಿ ವಾಲಿಸಿದೆ. ನಾಲ್ಕೂವರೆಗೆ ಮಟ್ಟಸವಾಗಿಟ್ಟಾಗಿನದಕ್ಕಿಂತ ಕಾಲು ಪಾಲು ಹೆಚ್ಚು ಬರುತ್ತದೆ. ಬೆಳಗಿನ ಹೊತ್ತು ಅಷ್ಟೇ ಕಳೆಯುತ್ತದೆ, ಆಗ ಏಸಿ ಹಾಕುವವರು ಯಾರೂ ಇಲ್ಲ. ಕಳೆದ ಮೇನಲ್ಲಿ ನೆರಳು ಬಿದ್ದ ಹೊತ್ತಲ್ಲೂ ಲೈನಿಂದ ಎಳೆದದ್ದು ಒಂದು ಆಂಪಿಯರ್ ದಾಟಲಿಲ್ಲ.

ಕರೆಂಟು ಹೋದಾಗಲೂ ತಿಳಿ ಬಿಸಿಲಿದ್ದರೆ ಏಸಿ ಓಡುತ್ತದೆ. ಮೋಡ ಬಂದರೆ ಕಂಪ್ರೆಸರ್ ನಿಲ್ಲುತ್ತದೆ, ನಾಲ್ಕಿದ್ದರೂ ಅಷ್ಟೇ.

ಐದನೆಯದು ಯಾಕೆ ಬೇಡವೆಂದರೆ, ಮಧ್ಯಾಹ್ನ ಈಗಲೇ ಬಿಸಿಲು ಮಿಕ್ಕುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಏಸಿಯೇ ಬೇಡ. ವರ್ಷಪೂರ್ತಿ ಬಿಸಿಲನ್ನು ಬಳಸಬೇಕೆನ್ನುವವರು ಲೈನಿಗೆ ಮಾರುವ ಆನ್-ಗ್ರಿಡ್ ಹಾಕಿಸಿ ಸಾದಾ ಏಸಿ ತರುವುದೇ ಸರಿ. ಐದನೆಯದಕ್ಕೆ ಹಾಕಬಹುದಾಗಿದ್ದ ದುಡ್ಡಲ್ಲಿ ಸ್ವಲ್ಪ ತೆಗೆದು ಡಿಸಿಗೇ ಮಾಡಿದ ಎಂಸಿಬಿ ಮತ್ತು ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿಸಿದೆ. ಮೊದಲು ಕೂರಿಸಿದ್ದು ಮನೆಯ ಬೋರ್ಡಿಗೆ ಹಾಕುವ ಸಾದಾ ಎಂಸಿಬಿ. ಡಿಸಿ ಕಿಡಿ ಅದರಲ್ಲಿ ಆರುವುದಿಲ್ಲ, ಎಳೆದುಕೊಂಡು ಉರಿಯುತ್ತದೆ. ನಿಮ್ಮಲ್ಲಿ ಯಾವುದಿದೆಯೆಂದು ಇವತ್ತೇ ಒಮ್ಮೆ ಬಾಕ್ಸ್ ತೆರೆಸಿ ನೋಡಿ.