ಶಿರಸಿಯ ನಮ್ಮ ಟಿಫಿನ್ ಸೆಂಟರ್: ರೇಟು ಏರಿದ ಮೇಲೂ ಇಡ್ಲಿ ಅಷ್ಟೇ ಇದೆಯಾ?

ಶಿರಸಿ ಹಳೇ ಬಸ್ ನಿಲ್ದಾಣದ ಕಡೆ ಇರುವ ಈ ಟಿಫಿನ್ ಸೆಂಟರ್‌ಗೆ ವರ್ಷಗಳಿಂದ ಹೋಗುತ್ತಿದ್ದೇನೆ. ಹೆಸರು ಬೇಡ, ಊರಿನವರಿಗೆ ಗೊತ್ತಾಗುತ್ತದೆ. 2025ರ ಮಳೆಗಾಲದಲ್ಲಿ ಗಲ್ಲೆಯ ಪಕ್ಕ ಒಂದು ನೋಟಿಸು ಬಿತ್ತು. "ಗ್ರಾಹಕರಲ್ಲಿ ವಿನಂತಿ. ತೆಂಗಿನಕಾಯಿ, ಎಣ್ಣೆ, ಹಾಲು ಮತ್ತು ಗ್ಯಾಸಿನ ಬೆಲೆ ಏರಿಕೆಯಿಂದಾಗಿ ಬರುವ ಒಂದನೇ ತಾರೀಕಿನಿಂದ ತಿಂಡಿಗಳ ದರ ಅನಿವಾರ್ಯವಾಗಿ ಪರಿಷ್ಕರಿಸಲಾಗುವುದು. ಪ್ರಮಾಣ, ಗುಣಮಟ್ಟ ಎಂದಿನಂತೆಯೇ ಇರುತ್ತದೆ. ದಯವಿಟ್ಟು ಸಹಕರಿಸಿ." ಕೆಳಗೆ ಹಳೇ ದರ, ಹೊಸ ದರ ಎರಡೂ ಇತ್ತು. ಇದು ನನಗೆ ಹಿಡಿಸಿತು. ಎಷ್ಟೋ ಕಡೆ ಬೋರ್ಡಿನ ಅಂಕೆ ಮೇಲೆ ಸ್ಟಿಕ್ಕರ್ ಹಚ್ಚಿ ಸುಮ್ನೆ ಇದ್ದುಬಿಡುತ್ತಾರೆ, ಬಿಲ್ಲು ಕೊಡುವಾಗಲೇ ನಮಗೆ ಗೊತ್ತಾಗೋದು.

ಇಡ್ಲಿ ವಡೆ ಪ್ಲೇಟಿಗೆ 5 ರೂಪಾಯಿ ಜಾಸ್ತಿ ಆಯಿತು. ಇದು ನ್ಯಾಯವಾ? ಕಾಯಿಯ ಲೆಕ್ಕ ಹಾಕಿ ನೋಡಿ. ಒಂದು ಕಾಯಿಯ ಚಟ್ನಿ ಸುಮಾರು ಹತ್ತು ಪ್ಲೇಟಿಗೆ ಬರುತ್ತದೆ ಅಂದುಕೊಳ್ಳಿ. 30 ರೂಪಾಯಿ ಆಸುಪಾಸಿನ ಕಾಯಿ 60ರ ಹತ್ತಿರ ಹೋದರೆ ಪ್ಲೇಟಿಗೆ 3 ರೂಪಾಯಿ ಚಟ್ನಿಯೊಂದರಲ್ಲೇ ಹೋಯಿತು. ನಮ್ಮ ಕಡೆ ಚಟ್ನಿಯನ್ನು ಎರಡನೇ ಸಲ ಹಾಕಿಸಿಕೊಳ್ಳದೆ ಏಳುವವರು ಕಡಿಮೆ. ಮೇಲೆ ವಡೆ ಕರಿಯುವ ಎಣ್ಣೆ ಬೇರೆ. ಹಾಗಾಗಿ 5 ರೂಪಾಯಿಗೆ ನನ್ನ ತಕರಾರಿಲ್ಲ.

ಗ್ಯಾಸಿನ ಮಾತು ಮಾತ್ರ ಒಪ್ಪಲಾರೆ. ಆ ವರ್ಷ ಏಪ್ರಿಲ್‌ನಲ್ಲಿ 50 ರೂಪಾಯಿ ಏರಿದ್ದು ಮನೆಗೆ ಬರುವ 14.2 ಕೆ.ಜಿ. ಸಿಲಿಂಡರ್. ಹೋಟೆಲಿನವರು ಬಳಸಬೇಕಾದ 19 ಕೆ.ಜಿ. ಕಮರ್ಷಿಯಲ್ ಸಿಲಿಂಡರಿನ ದರ ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಪ್ರತಿ ತಿಂಗಳೂ ಇಳಿದಿತ್ತು. ನೋಟಿಸು ಬರೆಯುವಾಗ ಗ್ಯಾಸ್ ಅಂತ ಸೇರಿಸಿಬಿಡುವುದು ಒಂದು ರೂಢಿ, ಓದುವವರು ಮನೆಯ ಸಿಲಿಂಡರ್ ನೆನೆಸಿ ತಲೆ ಆಡಿಸುತ್ತಾರೆ.

ಇನ್ನು "ಪ್ರಮಾಣ, ಗುಣಮಟ್ಟ ಎಂದಿನಂತೆ" ಅನ್ನುವ ಮಾತು. ಅದು ನಿಜವಾ ಅಂತ ತಿನ್ನುವವರಿಗೆ ಸುಲಭವಾಗಿ ಗೊತ್ತಾಗುತ್ತದೆ. ಇಡ್ಲಿಯ ಅಗಲ ತಟ್ಟೆಯ ಗುಳಿಯಷ್ಟೇ, ಅದನ್ನು ಕಡಿಮೆ ಮಾಡೋಕಾಗಲ್ಲ. ಉಳಿಸುವವರು ಹಿಟ್ಟನ್ನು ಅರೆಬರೆ ಹೊಯ್ಯುತ್ತಾರೆ, ಇಡ್ಲಿ ನಡುವೆ ಉಬ್ಬದೆ ಚಪ್ಪಟೆ ಆಗುತ್ತದೆ. ಇಲ್ಲವಾದರೆ ಉದ್ದು ಕಡಿಮೆ ಹಾಕುತ್ತಾರೆ. ಆಗ ಬಿಸಿ ಇರುವಾಗ ಏನೂ ತಿಳಿಯುವುದಿಲ್ಲ, ಆರಿದ ಮೇಲೆ ಗಟ್ಟಿ. ನಾನು ಒಂದು ಇಡ್ಲಿ ಬದಿಗಿಟ್ಟು, ಚಹಾ ಕುಡಿದ ಮೇಲೆ ಮುರಿದು ನೋಡುತ್ತೇನೆ. ಇಲ್ಲಿಯದು ಈಗಲೂ ಬೆರಳಿಗೆ ಮೆತ್ತಗೇ ಇದೆ. ಹಾಗಂತ ಜೋರು ಮಳೆಯ ದಿನಗಳಲ್ಲಿ ಒಮ್ಮೊಮ್ಮೆ ಗಟ್ಟಿ ಬರುತ್ತದೆ. ಅದು ಥಂಡಿಗೆ ಹಿಟ್ಟು ಹುಳಿ ಬರದೆ ಆಗುವುದು, ಮೋಸ ಅಲ್ಲ.

ಕಾಯಿ ತುಟ್ಟಿ ಆದಾಗ ಮೊದಲು ಕೈ ಹೋಗುವುದು ಪುಟಾಣಿಯ, ಅಂದರೆ ಹುರಿಗಡಲೆಯ ಡಬ್ಬಕ್ಕೆ. ಸ್ವಲ್ಪ ಪುಟಾಣಿ ಎಲ್ಲರೂ ಹಾಕುತ್ತಾರೆ, ಅದರಲ್ಲಿ ತಪ್ಪಿಲ್ಲ. ಜಾಸ್ತಿ ಹಾಕಿ ನೀರು ಬಿಟ್ಟರೆ ಚಟ್ನಿ ಕೂತಲ್ಲೇ ಅಂಟಂಟು ಆಗುತ್ತದೆ, ಬಾಯಲ್ಲಿ ಹಿಟ್ಟಿನ ರುಚಿ ಬರುತ್ತದೆ. ಕಾಯಿಯೇ ಜಾಸ್ತಿ ಇರುವ ಚಟ್ನಿ ಹೊತ್ತು ಹೋದಂತೆ ಪ್ಲೇಟಿನ ಅಂಚಿಗೆ ತಿಳಿನೀರು ಬಿಡುತ್ತದೆ. ನೋಟಿಸು ಬಿದ್ದ ಶುರುವಿನಲ್ಲಿ ಇಲ್ಲೂ ಚಟ್ನಿ ಅಂಟಾಗಿತ್ತು. ಗಲ್ಲೆಯಲ್ಲಿದ್ದ ಭಟ್ರಿಗೆ ಹೇಳಿದೆ. ಭಟ್ರು ಹುಡುಗನನ್ನು ಕರೆದು ಕೇಳಿದರು, ಆಮೇಲೆ ನನಗೆ ಹೇಳಿದರು, "ಕಾಯಿ ರೇಟು ನೋಡಿ ಇವ್ನೇ ಹೆದರಿದ್ದ ಮಾರಾಯ್ರೆ. ಎರಡ್ನೇ ಸಲ ಚಟ್ನಿ ಕೇಳಿದ್ರೆ ಇಲ್ಲ ಅನ್ಬೇಡ ಅಂತನೂ ಹೇಳಿದ್ದೇನೆ." ಅಂದಿನಿಂದ ಚಟ್ನಿ ಸರಿಯಾಗಿದೆ.

ವಡೆಯೂ ಹಳೇ ಅಳತೆಯಲ್ಲೇ ಇದೆ, ತೂತು ದೊಡ್ಡದಾಗಿಲ್ಲ.

ಚಹಾ ಮಾತ್ರ ನನಗೆ ಸರಿ ಕಾಣಲಿಲ್ಲ. 2 ರೂಪಾಯಿ ಏರಿಸಿದ್ದಾರೆ. ನಂದಿನಿ ಹಾಲು 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿತ್ತು. ಒಂದು ಕಪ್ಪಿಗೆ ನೂರು ಮಿಲಿ ಹಾಲು ಹಾಕಿದರೂ ಏರಿದ್ದು 40 ಪೈಸೆ. ಚಿಲ್ಲರೆ ತಾಪತ್ರಯಕ್ಕೆ ಒಂದು ರೂಪಾಯಿ ಏರಿಸಿದ್ದರೆ ಯಾರೂ ಮಾತಾಡುತ್ತಿರಲಿಲ್ಲ.

ಇನ್ನೊಂದು ವಿಷಯ, ನೋಟಿಸಿನಲ್ಲಿ ಪಾರ್ಸೆಲ್ ಬಗ್ಗೆ ಏನೂ ಬರೆದಿಲ್ಲ. ಕೂತು ತಿಂದರೆ ಚಟ್ನಿ ಕೇಳಿದಷ್ಟು ಸಿಗುತ್ತದೆ. ಪಾರ್ಸೆಲ್ಲಿನಲ್ಲಿ ಸಣ್ಣ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಕಟ್ಟಿ ಕೊಡುತ್ತಾರೆ, ನಾಲ್ಕು ಇಡ್ಲಿಗೆ ಸಾಲುವುದಿಲ್ಲ. 5ಕ್ಕೆ 4 ಅಂಕ ಕೊಡುತ್ತೇನೆ, ಆ ಒಂದು ಹೋಗಿದ್ದು ಚಹಾಕ್ಕೆ ಮತ್ತು ಕೊಟ್ಟೆಗೆ. ಮನೆಗೆ ಒಯ್ಯುವವರು ಒಂದು ಸ್ಟೀಲ್ ಡಬ್ಬ ಹಿಡಿದುಕೊಂಡು ಹೋಗಿ. ಡಬ್ಬ ಕಂಡರೆ ಹುಡುಗರು ಸೌಟಿನಲ್ಲೇ ಹಾಕಿಕೊಡುತ್ತಾರೆ.