ಬ್ಯಾಕ್ ಟ್ರಾನ್ಸ್‌ಲೇಷನ್ ಹೆಸರಲ್ಲಿ ದುಡ್ಡು ಕಿತ್ತರು, ಹುಷಾರಾಗಿರಿ

ಗೋವಾ, ಪುಣೆ ಕಡೆ ಲಾಡ್ಜ್ ಇಟ್ಟುಕೊಂಡಿರುವ ನಮ್ಮವರು ದಯವಿಟ್ಟು ಇದನ್ನು ಓದಿ. ಇನ್ನೂ ಹೊಟ್ಟೆ ಉರಿಯುತ್ತಿದೆ.

ಮಡಗಾಂವ್‌ನಲ್ಲಿ ನಮ್ಮದು ಸಣ್ಣ ಲಾಡ್ಜ್. ಬರುವವರು ಜಾಸ್ತಿ ಹುಬ್ಬಳ್ಳಿ, ಬೆಳಗಾವಿ ಕಡೆಯವರು, ಹಾಗಾಗಿ ನಿಯಮಗಳೆಲ್ಲ ಕನ್ನಡದಲ್ಲೇ ಇದ್ದವು. ಬೇರೆ ಗಿರಾಕಿಗಳಿಗೆ ಬೇಕು ಅಂತ ಒಂದು ಏಜೆನ್ಸಿಗೆ ಇಂಗ್ಲಿಷ್ ಮಾಡಲು ಕೊಟ್ಟೆ. ಬ್ಯಾಕ್ ಟ್ರಾನ್ಸ್‌ಲೇಷನ್‌ಗೆ, ಅಂದರೆ ಆ ಇಂಗ್ಲಿಷನ್ನು ಮತ್ತೆ ಕನ್ನಡಕ್ಕೆ ತಂದು ಅರ್ಥ ಜಾರಿದೆಯಾ ನೋಡುವುದಕ್ಕೆ, ಬೇರೆ ಚಾರ್ಜು. ಕೊಟ್ಟೆ. ವಾಪಸ್ ಬಂದ ಕನ್ನಡ ನಮ್ಮದಕ್ಕೆ ಪಕ್ಕಾ ಹೊಂದುತ್ತಿತ್ತು. ಬೋರ್ಡ್ ಹಾಕಿಸಿದೆ.

ಆಮೇಲೆ ಒಬ್ಬ ಗಿರಾಕಿ ಬರುವ ದಿನವೇ ರೂಮು ಕ್ಯಾನ್ಸಲ್ ಮಾಡಿ ಮುಂಗಡ ಕೇಳಿದ. ನಮ್ಮ ನಿಯಮ ‘ಎರಡು ದಿನ ಮುಂಚೆ ತಿಳಿಸಿದರೆ ಮುಂಗಡ ವಾಪಸ್’. ಇಂಗ್ಲಿಷ್‌ನಲ್ಲಿ ಇದ್ದದ್ದು ‘ರಿಫಂಡ್ ವಿದಿನ್ ಟೂ ಡೇಸ್ ಆಫ್ ಕ್ಯಾನ್ಸಲೇಶನ್’. ಅಂದರೆ ಯಾವಾಗ ಕ್ಯಾನ್ಸಲ್ ಮಾಡಿದರೂ ಎರಡು ದಿನದಲ್ಲಿ ದುಡ್ಡು ಕೈಗೆ! ಷರತ್ತು ನಮ್ಮ ಭರವಸೆಯಾಗಿಬಿಟ್ಟಿತ್ತು. ಕೌಂಟರ್‌ನಲ್ಲಿ ಎಲ್ಲರೆದುರು ಅವನು ಬೋರ್ಡಿಗೆ ಬೆರಳಿಟ್ಟು ಓದಿದ. ದುಡ್ಡು ಕೊಟ್ಟು ಕಳಿಸಿದೆ.

ರಾತ್ರಿ ಏಜೆನ್ಸಿಯವರ ಕಾಗದ ತೆಗೆದು ನೋಡಿದೆ. ನಮ್ಮ ಮೂಲದಲ್ಲಿ ಡಿಟಿಪಿಯವನು ‘ಮುಂಗಡ’ವನ್ನು ‘ಮುಗಂಡ’ ಮಾಡಿದ್ದ. ವಾಪಸ್ ಬಂದ ಕನ್ನಡದಲ್ಲೂ ಅದೇ ‘ಮುಗಂಡ’! ಇಂಗ್ಲಿಷ್‌ನಿಂದ ಅನುವಾದ ಮಾಡಿದವನಿಗೆ ನಮ್ಮ ಡಿಟಿಪಿಯವನ ತಪ್ಪು ಹೇಗೆ ಸಿಕ್ಕಿತು? ಸುಮ್ನೆ ನಮ್ಮದನ್ನೇ ಕಾಪಿ ಹೊಡೆದಿದ್ದಾರೆ.

ಫೋನ್ ಮಾಡಿದರೆ, “ಸರ್, ಮ್ಯಾಚ್ ಆಗಿದೆಯಲ್ಲ, ನೀವೇ ಓಕೆ ಅಂದಿದ್ದೀರಿ.” ಬ್ಯಾಕ್ ಮಾಡಿದವರು ಯಾರು ಅಂದೆ. “ನಮ್ಮ ಹತ್ರ ಕನ್ನಡಕ್ಕೆ ಒಬ್ಬರೇ ಸರ್, ಎರಡನ್ನೂ ಅವರೇ ಮಾಡೋದು.” ಒಬ್ಬರೇ! ಅವರಿಗೆ ಮೂಲ ಗೊತ್ತು, ತಮ್ಮ ತಪ್ಪು ಅವರಿಗೇ ಹೇಗೆ ಕಾಣಬೇಕು?

ಕೊನೆಗೆ ಕನ್ನಡ ತೋರಿಸದೆ ಬರೀ ಇಂಗ್ಲಿಷನ್ನು ಪರಿಚಯದ ಮೇಷ್ಟ್ರಿಗೆ ಕೊಟ್ಟೆ. ಚೆನ್ನಾಗಿ ತಿದ್ದುವುದು ಬೇಡ ಮೇಷ್ಟ್ರೇ, ಇದ್ದದ್ದನ್ನು ಇದ್ದ ಹಾಗೇ ಬರೆಯಿರಿ ಅಂದೆ. ‘ರದ್ದು ಮಾಡಿದ ಎರಡು ದಿನದೊಳಗೆ ಹಣ ವಾಪಸ್’ ಅಂತ ಬರೆದುಕೊಟ್ಟರು, ಕೂಡಲೇ ಸಿಕ್ಕಿಬಿತ್ತು. ‘ಹೇಳಿದರೆ ಊಟ ಮಾಡಿಕೊಡುತ್ತೇವೆ’ ಅಂದದ್ದು ‘ಊಟ ಕೊಡಲಾಗುತ್ತದೆ’ ಆಗಿ ಬಂತು. ಹೇಳಬೇಕು ಅನ್ನುವುದೇ ಮಾಯ. ಇದನ್ನು ಓದಿದವನು ಬಾಡಿಗೆಯಲ್ಲೇ ಊಟ ಸೇರಿದೆ ಅಂತ ಬಂದು ಕೂರುತ್ತಾನೆ, ಅಲ್ವಾ? ಕೆಲವು ಕಡೆ ಮಾತು ಬೇರೆ, ಅರ್ಥ ಅದೇ. ಅದನ್ನು ಬಿಟ್ಟೆ.

ಹಾಗಾಗಿ ಮೂಲ ನೋಡದ ಬೇರೆಯವರಿಂದಲೇ ವಾಪಸ್ ಮಾಡಿಸಿ. ದುಡ್ಡು, ಹೊತ್ತು, ‘ಆದರೆ’, ‘ಮಾತ್ರ’ ಇರುವ ಸಾಲನ್ನು ಎದುರೆದುರು ಇಟ್ಟು ಓದಿ. ತೀರಾ ನುಣ್ಣಗೆ ಹೊಂದಿದರೆ ಅನುಮಾನ ಪಡಿ. ಇಂಗ್ಲಿಷ್ ಒರಟಾಗಿದ್ದರೆ ಇದರಲ್ಲಿ ಗೊತ್ತಾಗಲ್ಲ, ಪದಕ್ಕೆ ಪದ ಇಟ್ಟ ಕೆಟ್ಟ ಇಂಗ್ಲಿಷೂ ಕನ್ನಡಕ್ಕೆ ಸಲೀಸಾಗಿ ವಾಪಸ್ ಬರುತ್ತದೆ. ಅದನ್ನು ಇಂಗ್ಲಿಷ್ ಬಲ್ಲವರೇ ಓದಿ ಹೇಳಬೇಕು.

ದುಡ್ಡು ವಾಪಸ್ ಕೇಳಿದ್ದಕ್ಕೆ ಏಜೆನ್ಸಿಯವರ ಉತ್ತರ, “ಮುಂದಿನ ಆರ್ಡರ್‌ಗೆ ಡಿಸ್ಕೌಂಟ್ ಕೊಡ್ತೇವೆ ಸರ್.” ಮುಂದಿನ ಆರ್ಡರ್ ಅಂತೆ!